ಬಾಗಿಲ ತನಕ ಹೋಗಿ ವಾಪಸ್ ಬರುವ ಸಿಒಡಿ ಪಾರ್ಸೆಲ್

ಪ್ರಶ್ನೆ: ನಾನು ಮನೆಯಲ್ಲೇ ಹೊಲಿದ ಬಟ್ಟೆಯ ಕೈಚೀಲಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಸಿಒಡಿಯಲ್ಲಿ, ಅಂದರೆ ಬಾಗಿಲಲ್ಲೇ ಹಣ ಪಡೆಯುವ ಕ್ರಮದಲ್ಲಿ, 100 ಪಾರ್ಸೆಲ್ ಕಳಿಸಿದರೆ ಹತ್ತಿರ ಹತ್ತಿರ 30 ವಾಪಸ್ ಬರ್ತಿವೆ. ಆರ್ಡರ್‌ಗೇನೂ ಕಮ್ಮಿ ಇಲ್ಲ, ಆದರೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯಲ್ಲ. ಸಿಒಡಿ ನಿಲ್ಲಿಸಿಬಿಡಲಾ?

ಉತ್ತರ: ನಿಲ್ಲಿಸಬೇಡಿ. ನಿಮ್ಮ ಹೆಸರು ಕೇಳಿರದ ಗ್ರಾಹಕರು ಮೊದಲ ಸಲ ಕೊಳ್ಳುವಾಗ ಸಿಒಡಿಯನ್ನೇ ಹುಡುಕುತ್ತಾರೆ. ವಸ್ತು ಕೈಗೆ ಬರುವ ಮುಂಚೆ ಹಣ ಕೊಡಲು ಅವರಿಗೆ ಧೈರ್ಯ ಬರುವುದಿಲ್ಲ, ಅದರಲ್ಲಿ ತಪ್ಪೂ ಇಲ್ಲ. ಸಿಒಡಿ ಮುಚ್ಚಿದರೆ ವಾಪಸ್ ಬರುವ 30ರ ಜೊತೆಗೆ, ಹಣ ಕೊಟ್ಟು ತೆಗೆದುಕೊಳ್ಳುವ 70ರಲ್ಲೂ ಬಹಳಷ್ಟು ಹೋಗುತ್ತವೆ. ಮೊದಲು ಆ 30 ನಿಮ್ಮಿಂದ ಏನೇನು ಕಿತ್ತುಕೊಂಡು ಹೋಗುತ್ತಿವೆ ಎಂದು ಲೆಕ್ಕ ಹಾಕೋಣ. ಎಲ್ಲಿ ಕೈ ಹಾಕಬೇಕು ಎನ್ನುವುದು ಆ ಲೆಕ್ಕದಿಂದಲೇ ಗೊತ್ತಾಗುತ್ತದೆ.

ಚೀಲದ ಮಾರಾಟ ಬೆಲೆ 100 ಎಂದಿಟ್ಟುಕೊಳ್ಳಿ. ಬಟ್ಟೆ, ಹೊಲಿಗೆ, ನಿಮ್ಮ ದುಡಿಮೆ ಸೇರಿ ಅಸಲು 50. ಕೊರಿಯರ್ 10, ಹಣ ವಸೂಲಿಗೆ ಕೊರಿಯರ್‌ನವರು ಹಾಕುವ ಸಿಒಡಿ ಶುಲ್ಕ 3, ಪ್ಯಾಕಿಂಗ್ 2. ಒಂದು ಆರ್ಡರ್ ಬರುವಂತೆ ಮಾಡಲು ಜಾಹೀರಾತಿಗೆ ಹೋಗುವುದು 15. ಒಟ್ಟು 80. ಪಾರ್ಸೆಲ್ ಗ್ರಾಹಕರ ಕೈ ಸೇರಿದರೆ ನಿಮಗೆ ಉಳಿಯುವುದು 20. ಇದು ಉದಾಹರಣೆಗೆ ಹಿಡಿದ ಲೆಕ್ಕ, ನಿಮ್ಮ ಅಂಕಿಗಳನ್ನು ನೀವೇ ಹಾಕಿ ನೋಡಿ.

ಅದೇ ಪಾರ್ಸೆಲ್ ವಾಪಸ್ ಬಂದರೆ? ಹೋಗುವ ಕೊರಿಯರ್ 10, ಬರುವ ಕೊರಿಯರ್ ಇನ್ನೊಂದು 10, ಪ್ಯಾಕಿಂಗ್ 2, ಜಾಹೀರಾತು 15. ವಸೂಲಿ ಆಗದ ಪಾರ್ಸೆಲ್ಲಿಗೆ ಸಿಒಡಿ ಶುಲ್ಕ ಬಿಡುವ ಕೊರಿಯರ್‌ಗಳಿವೆ, ಹಾಗಾಗಿ ಅದನ್ನು ಇಲ್ಲಿ ಸೇರಿಸಿಲ್ಲ. ನಿಮ್ಮ ಒಪ್ಪಂದದಲ್ಲಿ ಏನಿದೆ ಎಂದು ಒಮ್ಮೆ ಓದಿ. ಇನ್ನು, ವಾಪಸ್ ಬಂದ ಹತ್ತು ಚೀಲಗಳಲ್ಲಿ ಒಂದು ಮಡಿಕೆ ಬಿದ್ದೋ, ಕಲೆಯಾಗಿಯೋ ಮತ್ತೆ ಮಾರಲು ಬಾರದಂತಾದರೆ, ಅದರ ಅಸಲು 50ನ್ನು ಹತ್ತಕ್ಕೂ ಹಂಚಿದಾಗ ಒಂದೊಂದರ ಮೇಲೆ 5 ಬೀಳುತ್ತದೆ. ಎಲ್ಲ ಕೂಡಿ 42. ಅಂದರೆ ಒಂದು ಪಾರ್ಸೆಲ್ ವಾಪಸ್ ಬಂದರೆ ಎರಡು ಪಾರ್ಸೆಲ್ಲಿನ ಲಾಭ ಪೂರ್ತಿ ಹೋಗಿ, ಮೇಲೆ ಸ್ವಲ್ಪ ಕೈಯಿಂದಲೂ ಹೋಗುತ್ತದೆ.

ಈಗ ನಿಮ್ಮ ನೂರು ಆರ್ಡರ್ ನೋಡಿ. ತಲುಪಿದ 70ರಿಂದ ಲಾಭ 1,400. ವಾಪಸ್ ಬಂದ 30ರಿಂದ ನಷ್ಟ 1,260. ನೂರು ಚೀಲ ಹೊಲಿದು, ಪ್ಯಾಕ್ ಮಾಡಿ, ಕಳಿಸಿದ್ದಕ್ಕೆ ಉಳಿದದ್ದು 140. ಇನ್ನು ಮೂರು ಹೆಚ್ಚು ವಾಪಸ್ ಬಂದಿದ್ದರೆ ಅದೂ ಇರುತ್ತಿರಲಿಲ್ಲ. ಆದರೆ 30ರ ಬದಲು 20 ವಾಪಸ್ ಬಂದರೆ ಉಳಿಯುವುದು 760. ಆರ್ಡರ್ ಒಂದೂ ಹೆಚ್ಚದೆ ಲಾಭ ಐದು ಪಟ್ಟಿಗಿಂತ ಜಾಸ್ತಿ ಆಯಿತು. ಆರ್ಡರ್ ಇನ್ನಷ್ಟು ತರಿಸಲು ಜಾಹೀರಾತಿಗೆ ಸುರಿಯುವ ಹಣಕ್ಕಿಂತ ವಾಪಸಾತಿ ತಗ್ಗಿಸಲು ಪಡುವ ಪಾಡು ಎಷ್ಟೋ ಮೇಲು ಎಂದು ನಾನು ಹೇಳುವುದು ಇದಕ್ಕೇ.

ದೊಡ್ಡ ಅಂಗಡಿಗಳಿಗೂ ಪಾರ್ಸೆಲ್ ವಾಪಸ್ ಬರುತ್ತವೆ, ಅವರಿಗೆ ಇಷ್ಟು ನೋವಾಗುವುದಿಲ್ಲ. ಲಕ್ಷಗಟ್ಟಲೆ ಪಾರ್ಸೆಲ್ ಕೊಡುವವರಿಗೆ ಕೊರಿಯರ್ ದರ ಇಳಿಯುತ್ತದೆ, ಒಂದು ಮಾಲು ದಾರಿಯಲ್ಲಿದ್ದರೆ ಗೋದಾಮಿನಲ್ಲಿ ಇನ್ನೊಂದಿರುತ್ತದೆ. ನಿಮ್ಮ ಬಂಡವಾಳವೇ ಆ ಚೀಲಗಳು. ಪಾರ್ಸೆಲ್ ಹೋಗಲು ನಾಲ್ಕೈದು ದಿನ, ಅಲ್ಲಿನ ಡಿಪೋದಲ್ಲಿ ಮೂರು ಸಲ ಪ್ರಯತ್ನ ಆಗುವಷ್ಟರಲ್ಲಿ ಇನ್ನೂ ಕೆಲವು ದಿನ, ಮರಳಿ ಬರಲು ಹೋದದ್ದಕ್ಕಿಂತ ಹೆಚ್ಚು ದಿನ. ವಾಪಸ್ ಬರುವ ಪಾರ್ಸೆಲ್ಲಿಗೆ ಯಾರೂ ಕಾಯುತ್ತಿರುವುದಿಲ್ಲ, ಅದನ್ನು ನಿಧಾನವಾಗಿಯೇ ಸಾಗಿಸುತ್ತಾರೆ. ಎರಡು ಮೂರು ವಾರ 30 ಚೀಲಗಳು, ಅಂದರೆ 1,500ರ ಅಸಲು, ದಾರಿಯ ಮೇಲೆ ಕೂತಿರುತ್ತದೆ. ತಲುಪಿದ ಪಾರ್ಸೆಲ್ಲಿನ ಹಣವೂ ಕೊರಿಯರ್‌ನವರಿಂದ ನಿಮ್ಮ ಖಾತೆಗೆ ಬರಲು ಮತ್ತೆ ಕೆಲವು ದಿನ ಹಿಡಿಯುತ್ತದೆ. ಆರ್ಡರ್ ತುಂಬ ಬರುತ್ತಿದ್ದರೂ ಬಟ್ಟೆ ತರಲು ಹಣವಿಲ್ಲದಂತಾಗುವುದು ಹೀಗೆ.

ಇನ್ನು ಪಾರ್ಸೆಲ್ ಯಾಕೆ ವಾಪಸ್ ಬರುತ್ತದೆ ಎಂಬ ಮಾತು. ಕೊರಿಯರ್‌ನವರ ಜಾಲತಾಣದಲ್ಲಿ ನಿಮ್ಮ ಪುಟ ತೆರೆದರೆ ಪ್ರತಿಯೊಂದಕ್ಕೂ ಒಂದು ಕಾರಣ ಬರೆದಿರುತ್ತದೆ: ಗ್ರಾಹಕರು ಬೇಡ ಎಂದರು, ಫೋನ್ ಎತ್ತಲಿಲ್ಲ, ವಿಳಾಸ ಪೂರ್ತಿ ಇಲ್ಲ, ಬಾಗಿಲು ಹಾಕಿತ್ತು. ಆ ಕಾರಣವನ್ನು ಹಾಗೇ ನಂಬಬೇಡಿ. ನಾನು ಒಮ್ಮೆ ಡೆಲಿವರಿ ಹುಡುಗನೊಬ್ಬನ ಬೈಕಿನ ಹಿಂದೆ ಕೂತು ಇಡೀ ದಿನ ಸುತ್ತಿದ್ದೇನೆ. ಮಧ್ಯಾಹ್ನ ಒಂದು ಮನೆ ಮುಂದೆ ನಿಂತು ಫೋನ್ ಮಾಡಿದ, ಗೊತ್ತಿಲ್ಲದ ನಂಬರ್ ಅಂತ ಆ ಕಡೆಯವರು ಎತ್ತಲಿಲ್ಲ. ಗಂಟೆ ಒತ್ತಿದ. ವಯಸ್ಸಾದ ತಾಯಿಯೊಬ್ಬರು ಬಂದು, "ಮಗಳು ಕೆಲಸಕ್ಕೆ ಹೋಗಿದಾಳಪ್ಪ, ಏನು ತರಿಸಿದಾಳೋ ನನಗೆ ಗೊತ್ತಿಲ್ಲ, ನನ್ನ ಹತ್ರ ಅಷ್ಟು ದುಡ್ಡೂ ಇಲ್ಲ" ಎಂದರು. ಹುಡುಗ ನಮಸ್ಕಾರ ಹೇಳಿ ಹೊರಟು, ಮೊಬೈಲಿನಲ್ಲಿ ಒತ್ತಿದ್ದು 'ಗ್ರಾಹಕರು ಬೇಡ ಎಂದರು' ಅಂತ. ಅವನ ಚೀಲದಲ್ಲಿ ಇನ್ನೂ ನಲವತ್ತು ಪಾರ್ಸೆಲ್ ಇದ್ದವು, ಎರಡು ನಿಮಿಷ ಕಾಯಲೂ ಪುರುಸೊತ್ತಿರಲಿಲ್ಲ. ಆ ಮಗಳಿಗೆ ವಸ್ತು ಬೇಕಿತ್ತು. ಇವತ್ತು ಬರುತ್ತದೆ, ಇಷ್ಟು ಹಣ ಅಮ್ಮನ ಕೈಯಲ್ಲಿ ಕೊಟ್ಟು ಹೋಗಿ ಎಂದು ಅವಳಿಗೆ ಹೇಳಿದವರು ಯಾರೂ ಇರಲಿಲ್ಲ, ಅಷ್ಟೇ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಇದು. ಇತ್ತೀಚೆಗೆ ವಾಪಸ್ ಬಂದ 30 ಪಾರ್ಸೆಲ್ಲಿನ ಪಟ್ಟಿ ಹಿಡಿದು ಕೂತು, ಒಬ್ಬೊಬ್ಬರಿಗೂ ನೀವೇ ಫೋನ್ ಮಾಡಿ. ಜಗಳಕ್ಕಲ್ಲ, ತಿಳಿದುಕೊಳ್ಳಲು. "ಪಾರ್ಸೆಲ್ ವಾಪಸ್ ಬಂತು, ನಮ್ಮ ಕಡೆಯಿಂದ ಏನು ತಪ್ಪಾಯಿತು ಹೇಳ್ತೀರಾ?" ಎಂದರೆ ಹೆಚ್ಚಿನವರು ನಿಜ ಹೇಳುತ್ತಾರೆ. ಕೊರಿಯರ್ ಹೇಳಿದ ಕಾರಣದ ಪಕ್ಕದಲ್ಲಿ ಗ್ರಾಹಕರು ಹೇಳಿದ ಕಾರಣ ಬರೆಯಿರಿ. ಆರ್ಡರ್ ಬಂದ ದಿನ, ನೀವು ಕಳಿಸಿದ ದಿನ, ಅವರ ಮನೆಗೆ ಮೊದಲು ಹೋದ ದಿನ ಇವನ್ನೂ ಬರೆದಿಡಿ. ಅಲ್ಲಿಗೆ ಮೂರು ಗುಂಪು ಕಣ್ಣಿಗೆ ಬೀಳುತ್ತವೆ: ಮನಸ್ಸು ಬದಲಾದವರು, ಬೇಕಿದ್ದರೂ ಆ ಹೊತ್ತಿಗೆ ತೆಗೆದುಕೊಳ್ಳಲು ಆಗದವರು, ಯಾರೂ ತಮ್ಮ ಮನೆಗೆ ಬಂದೇ ಇಲ್ಲ ಎನ್ನುವವರು. ಮೂರಕ್ಕೂ ಮದ್ದು ಬೇರೆ ಬೇರೆ.

ಮನಸ್ಸು ಬದಲಾಗುವವರ ವಿಷಯಕ್ಕೆ ಬರುತ್ತೇನೆ, ನಿಮ್ಮ ನಷ್ಟದ ದೊಡ್ಡ ಪಾಲು ಇಲ್ಲೇ ಇರುವ ಸಾಧ್ಯತೆ ಹೆಚ್ಚು. ರಾತ್ರಿ ಮಲಗುವ ಮುಂಚೆ ಮೊಬೈಲಿನಲ್ಲಿ ಚೀಲ ನೋಡಿ ಚೆಂದ ಎನಿಸಿ ಒತ್ತಿರುತ್ತಾರೆ. ಹಣ ಕೊಟ್ಟಿಲ್ಲವಾದ್ದರಿಂದ ಅದು ಅವರಿಗೆ ಇನ್ನೂ ಕೊಂಡ ವಸ್ತು ಆಗಿಲ್ಲ. ವಾರ ಕಳೆದು ಬಾಗಿಲಿಗೆ ಬರುವಷ್ಟರಲ್ಲಿ ಆಸೆ ಆರಿರುತ್ತದೆ, ಇಲ್ಲವೇ ಬೇರೆಲ್ಲೋ ಕೊಂಡಿರುತ್ತಾರೆ. ಇಂಥವರನ್ನು ಪಾರ್ಸೆಲ್ ಹೊರಡುವ ಮುಂಚೆಯೇ ಗುರುತಿಸಬೇಕು. ಆರ್ಡರ್ ಬಂದ ಒಂದು ಗಂಟೆಯೊಳಗೆ ಅವರು ದಿನಾ ನೋಡುವ ಮೆಸೇಜಿಂಗ್ ಆ್ಯಪ್‌ನಲ್ಲಿ ಹೀಗೆ ಕಳಿಸಿ:

"ನಮಸ್ತೆ. ನೀವು ನೀಲಿ ಬಣ್ಣದ ದೊಡ್ಡ ಕೈಚೀಲ ಒಂದನ್ನು ಆರ್ಡರ್ ಮಾಡಿದ್ದೀರಿ, ಫೋಟೊ ಮೇಲಿದೆ. ಬಾಗಿಲಲ್ಲಿ ಕೊಡಬೇಕಾದ ಹಣ ಇಷ್ಟು. ನೀವು ಕೊಟ್ಟ ವಿಳಾಸ ಇದು. ಕಳಿಸಲು 1, ವಿಳಾಸ ತಿದ್ದಲು 2, ಬೇಡವಾದರೆ 3 ಎಂದು ಉತ್ತರಿಸಿ."

ಆ ಮೂರನೆಯ ಆಯ್ಕೆ ಕೊಡಲು ಮಾರುವವರು ಹಿಂಜರಿಯುತ್ತಾರೆ. ಬಂದ ಆರ್ಡರನ್ನು ನಾವೇ ಕೈಯಾರೆ ಕಳೆದುಕೊಳ್ಳುವುದೇ ಎಂಬ ಸಂಕಟ. ಮೇಲಿನ ಲೆಕ್ಕ ಇನ್ನೊಮ್ಮೆ ನೋಡಿ. ಈಗಲೇ ಬೇಡ ಎಂದರೆ ಹೋಗುವುದು ಜಾಹೀರಾತಿನ 15 ಮಾತ್ರ. ಬಾಗಿಲಲ್ಲಿ ಬೇಡ ಎಂದರೆ ಹೋಗುವುದು 42. ಬೇಡ ಎನ್ನುವವರು ಎಷ್ಟು ಸುಲಭವಾಗಿ, ಎಷ್ಟು ಬೇಗ ಬೇಡ ಎಂದರೆ ನಿಮಗೆ ಅಷ್ಟು ಒಳ್ಳೆಯದು. ರದ್ದು ಮಾಡುವ ದಾರಿಯನ್ನು ಬಚ್ಚಿಡುವುದರಿಂದ ಯಾವ ಲಾಭವೂ ಇಲ್ಲ.

ಉತ್ತರವನ್ನೇ ಕೊಡದವರನ್ನು ಏನು ಮಾಡುವುದು? ಕಳಿಸಲೇಬೇಡಿ ಎಂಬ ಸಲಹೆ ನಿಮಗೆ ಎಲ್ಲ ಕಡೆ ಸಿಗುತ್ತದೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಸಂಜೆ ಇನ್ನೊಂದು ಮೆಸೇಜ್, ಮರುದಿನ ಒಂದು ಫೋನ್, ಇಷ್ಟು ಮಾಡಿ. ಆಮೇಲೂ ಉತ್ತರವಿಲ್ಲದಿದ್ದರೆ ಹೀಗೆ ಯೋಚಿಸಿ: ಜಾಹೀರಾತಿನ 15 ಹೇಗೂ ಹೋಗಿದೆ, ಕಳಿಸಿದರೂ ಕಳಿಸದಿದ್ದರೂ ವಾಪಸ್ ಬರದು. ಈಗಿನಿಂದ ಮುಂದಿನದನ್ನಷ್ಟೇ ಎಣಿಸಿದರೆ, ತಲುಪಿದರೆ ಕೈಗೆ ಬರುವುದು 35, ವಾಪಸಾದರೆ ಹೋಗುವುದು 27. ಹೀಗಾಗಿ ಉತ್ತರ ಕೊಡದವರಲ್ಲಿ ಅರ್ಧದಷ್ಟು ಜನ ತೆಗೆದುಕೊಂಡರೂ ಕಳಿಸುವುದೇ ಸರಿ. ಐದರಲ್ಲಿ ಮೂರು ವಾಪಸ್ ಬರತೊಡಗಿದರೆ ಕಳಿಸುವುದು ದಂಡ. ಒಂದು ತಿಂಗಳು ಕಳಿಸಿ ನೋಡಿ, ನಿಮ್ಮಲ್ಲಿ ಈ ಗುಂಪು ಹೇಗೆ ನಡೆದುಕೊಳ್ಳುತ್ತದೆ ಎಂದು ಬರೆದಿಟ್ಟು ಆಮೇಲೆ ತೀರ್ಮಾನಿಸಿ. ಒಂದೇ ಒಂದು ಎಚ್ಚರ: ಕೈಯಲ್ಲಿ ಚೀಲಗಳೇ ಕಡಿಮೆ ಇದ್ದು, ಒಪ್ಪಿಗೆ ಕೊಟ್ಟವರಿಗೇ ಸಾಲದಂತಿದ್ದರೆ ಮೊದಲು ಅವರಿಗೆ ಕಳಿಸಿ.

ನೂರು ಆರ್ಡರಿನಲ್ಲಿ ಇದು ಹೇಗೆ ಕಾಣುತ್ತದೆ ಎಂದು ತೋರಿಸುತ್ತೇನೆ. 8 ಜನ ಬೇಡ ಎಂದರು, 12 ಜನ ಉತ್ತರಿಸಲಿಲ್ಲ, 80 ಜನ ಕಳಿಸಿ ಎಂದರು ಎಂದುಕೊಳ್ಳಿ. ಬೇಡ ಎಂದವರಿಂದ ನಷ್ಟ 120. ಒಪ್ಪಿದ 80ರಲ್ಲೂ ಎಲ್ಲವೂ ತಲುಪುವುದಿಲ್ಲ; 68 ತಲುಪಿ 12 ವಾಪಸಾದರೆ ಉಳಿಯುವುದು 856. ಉತ್ತರಿಸದ 12ರಲ್ಲಿ ಆರು ತಲುಪಿ ಆರು ವಾಪಸಾದರೆ 132 ನಷ್ಟ. ಕಳಿಸದೇ ಇದ್ದಿದ್ದರೆ ಜಾಹೀರಾತಿನ ಬಾಬ್ತು 180 ಹೋಗುತ್ತಿತ್ತು. ಒಟ್ಟು ಕೈಯಲ್ಲಿ 604. ಮೊದಲು ಉಳಿದಿದ್ದದ್ದು 140. ತಲುಪಿದ ಚೀಲಗಳು 70ರಿಂದ 74ಕ್ಕೆ ಏರಿವೆಯಷ್ಟೆ. ಆ ನಾಲ್ಕು, ವಿಳಾಸ ತಿದ್ದಿಸಿಕೊಂಡವರಿಂದ ಬಂದವು ಎಂದಿಟ್ಟುಕೊಳ್ಳಿ. ಉಳಿದ ಲಾಭವೆಲ್ಲ, ದಾರಿಗೆ ಹೋಗಲೇಬಾರದಿದ್ದ ಪಾರ್ಸೆಲ್‌ಗಳು ಮನೆಯಲ್ಲೇ ಉಳಿದದ್ದರಿಂದ ಬಂದದ್ದು.

ಒಪ್ಪಿಗೆ ಬಂದ ದಿನವೇ ಪಾರ್ಸೆಲ್ ಕೊರಿಯರ್ ಕೈಗೆ ಹೋಗಬೇಕು. ವಾರಕ್ಕೆರಡು ಸಲ ಒಟ್ಟಿಗೆ ಕಳಿಸುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ನಿಮ್ಮ ಪಟ್ಟಿಯಲ್ಲಿ ಆರ್ಡರ್ ದಿನಕ್ಕೂ ಮನೆಗೆ ಹೋದ ದಿನಕ್ಕೂ ನಡುವಿನ ಅಂತರ ನೋಡಿ, ಬಾಗಿಲಲ್ಲಿ ಬೇಡ ಎಂದವರು ಹೆಚ್ಚಾಗಿ ಉದ್ದನೆಯ ಅಂತರದವರೇ ಎಂದು ಕಂಡರೆ ಮೊದಲು ಸರಿಪಡಿಸಬೇಕಾದದ್ದು ಇದೇ.

ಇನ್ನು ಎರಡನೆಯ ಗುಂಪು, ಬೇಕಿದ್ದರೂ ತೆಗೆದುಕೊಳ್ಳಲು ಆಗದವರು. ಆ ತಾಯಿ, ಮಗಳ ಮನೆ ನೆನಪಿಡಿ. ಪಾರ್ಸೆಲ್ ಇವತ್ತು ಡೆಲಿವರಿಗೆ ಹೊರಟಿದೆ ಎಂದು ಕೊರಿಯರ್ ಪುಟದಲ್ಲಿ ಬೆಳಿಗ್ಗೆಯೇ ಕಾಣುತ್ತದೆ. ಆಗಲೇ ಒಂದು ಸಾಲು ಕಳಿಸಿ: ಇವತ್ತು ಬರುತ್ತದೆ, ಇಷ್ಟು ಹಣ ಸರಿಯಾಗಿ ಚಿಲ್ಲರೆ ಇಟ್ಟಿರಿ, ನೀವಿಲ್ಲದಿದ್ದರೆ ಮನೆಯವರಿಗೆ ಹೇಳಿರಿ, ಗೊತ್ತಿಲ್ಲದ ನಂಬರಿನಿಂದ ಫೋನ್ ಬರುತ್ತದೆ ಎತ್ತಿ. ಮೊಬೈಲಿನಲ್ಲೇ ಹಣ ಕಳಿಸುವ ಕೊಂಡಿಯನ್ನೂ ಜೊತೆಗೆ ಇಡಬಹುದು, ಆದರೆ ಹಾಗೆ ಬಂದ ಹಣದ ವಿಷಯ ಕೊರಿಯರ್‌ಗೆ ತಿಳಿದು, ಬಾಗಿಲಲ್ಲಿ ಮತ್ತೆ ಕೇಳದಂತೆ ಬದಲಾಯಿಸಲು ಆಗುತ್ತದೆಯೇ ಎಂದು ಮೊದಲೇ ಖಚಿತ ಮಾಡಿಕೊಳ್ಳಿ. ಎರಡು ಸಲ ಹಣ ಕೇಳಿಸಿಕೊಂಡ ಗ್ರಾಹಕರು ಮತ್ತೆ ನಿಮ್ಮ ಕಡೆ ತಿರುಗಿ ನೋಡುವುದಿಲ್ಲ.

ವಿಳಾಸದ ತೊಂದರೆಯೂ ಇದೇ ಗುಂಪಿನದು. ಆರ್ಡರ್ ಪುಟದಲ್ಲಿ ವಿಳಾಸಕ್ಕೆ ಒಂದೇ ಉದ್ದನೆಯ ಜಾಗ ಕೊಟ್ಟರೆ ಜನ ಬಡಾವಣೆ ಹೆಸರು ಬರೆದು ಸುಮ್ಮನಾಗುತ್ತಾರೆ. ಮನೆ ನಂಬರ್, ರಸ್ತೆ, ಹತ್ತಿರದ ಗುರುತು, ಪಿನ್ ಕೋಡ್, ಇನ್ನೊಂದು ಫೋನ್ ನಂಬರ್ ಎಂದು ಬೇರೆ ಬೇರೆ ಜಾಗ ಮಾಡಿ. ಡೆಲಿವರಿ ಹುಡುಗರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಹತ್ತಿರದ ಗುರುತು ಮತ್ತು ಆ ಎರಡನೆಯ ನಂಬರ್.

ಮೂರನೆಯದು, ಹೋಗದೆಯೇ ಹೋದೆ ಎಂದು ಬರೆಯುವುದು. ಇದು ಇದೆ, ಹುಡುಗರ ಮೇಲಿನ ಒತ್ತಡವೂ ಇದಕ್ಕೆ ಕಾರಣ. ಗುರುತಿಸುವುದು ಹೀಗೆ: 'ಫೋನ್ ಎತ್ತಲಿಲ್ಲ' ಎಂಬ ಹತ್ತಾರು ನಮೂದುಗಳು ಒಂದೇ ಡಿಪೋದಿಂದ, ಸಂಜೆ ಕೆಲಸ ಮುಗಿಯುವ ಹೊತ್ತಿಗೆ, ಕೆಲವೇ ನಿಮಿಷಗಳ ಅಂತರದಲ್ಲಿ ಬಿದ್ದಿರುತ್ತವೆ. ಗ್ರಾಹಕರ ಮೊಬೈಲಿನಲ್ಲಿ ಆ ದಿನ ಬಂದ ಕರೆಯೇ ಇರುವುದಿಲ್ಲ. ಕರೆಗಳ ಪಟ್ಟಿಯ ಚಿತ್ರ ತರಿಸಿಕೊಂಡು ಕೊರಿಯರ್‌ನವರಿಗೆ ದೂರು ಕೊಡಿ. ಗ್ರಾಹಕರಿಗೆ ಬರುವ ಒಟಿಪಿ ಹೇಳಿದರೆ ಮಾತ್ರ 'ಬೇಡ ಎಂದರು' ಎಂದು ನಮೂದಿಸುವ ವ್ಯವಸ್ಥೆ ಅವರಲ್ಲಿದ್ದರೆ ಅದನ್ನು ಕೇಳಿ ಹಾಕಿಸಿಕೊಳ್ಳಿ. ಅದೇ ಡಿಪೋದಿಂದ ಮತ್ತೆ ಮತ್ತೆ ಹೀಗಾದರೆ ಆ ಪಿನ್ ಕೋಡ್‌ಗಳನ್ನು ಬೇರೆ ಕೊರಿಯರ್‌ಗೆ ಬದಲಿಸಿ.

ಎರಡನೆಯ, ಮೂರನೆಯ ಗುಂಪುಗಳಿಗೆ ಗಡುವು ಒಂದೇ. ಮೊದಲ ಪ್ರಯತ್ನ ವಿಫಲವಾದ ಕೂಡಲೇ ಕೊರಿಯರ್ ಪುಟದಲ್ಲಿ ತಲುಪಿಸಲಾಗದ ಪಾರ್ಸೆಲ್‌ಗಳ ಎನ್‌ಡಿಆರ್ ಎಂಬ ಪಟ್ಟಿಗೆ ಆ ಪಾರ್ಸೆಲ್ ಸೇರುತ್ತದೆ. ಮತ್ತೆ ಕಳಿಸಿ, ಈ ನಂಬರಿಗೆ ಫೋನ್ ಮಾಡಿ, ಈ ದಿನ ಹೋಗಿ ಎಂದು ನೀವು ಅಲ್ಲಿ ಬರೆಯಬಹುದು. ಬರೆಯದಿದ್ದರೆ ಉಳಿದ ಪ್ರಯತ್ನಗಳೂ ಅದೇ ಎತ್ತದ ನಂಬರಿಗೆ, ಅದೇ ಮಧ್ಯಾಹ್ನದ ಹೊತ್ತಿಗೆ ನಡೆದು ಪಾರ್ಸೆಲ್ ವಾಪಸ್ ಹೊರಳಿಬಿಡುತ್ತದೆ. ಒಮ್ಮೆ ವಾಪಸಾತಿ ಎಂದು ಗುರುತಾದ ಮೇಲೆ ಅದನ್ನು ತಡೆಯುವುದು ಬಹಳ ಕಷ್ಟ. ಆದ್ದರಿಂದ ಪ್ರತಿದಿನ ಸಂಜೆ ಅರ್ಧ ಗಂಟೆ ಈ ಪಟ್ಟಿಗೆಂದೇ ಇಡಿ. ಆ ದಿನ ಸೇರಿದ ಪ್ರತಿ ಗ್ರಾಹಕರಿಗೂ ಫೋನ್ ಮಾಡಿ, ಅವರು ಹೇಳಿದ ದಿನ ಮತ್ತು ಹೊತ್ತನ್ನು ಅಲ್ಲೇ ಬರೆದು ಮುಗಿಸಿ. ನಾಳೆ ನೋಡೋಣ ಎಂದರೆ ಒಂದು ಪ್ರಯತ್ನ ವ್ಯರ್ಥವಾದಂತೆ.

ಇಷ್ಟಾದ ಮೇಲೆ ಮುಂಗಡದ ಮಾತು. ಮೊದಲೇ ಹಣ ಕೊಟ್ಟವರು ಬಾಗಿಲಲ್ಲಿ ಬೇಡ ಎನ್ನುವುದು ಅಪರೂಪ. ಅಂಥ ಆರ್ಡರಿನಲ್ಲಿ ಸಿಒಡಿ ಶುಲ್ಕ ಉಳಿದು, ಹಣ ಪಾವತಿಯ ಶುಲ್ಕ 2 ಎಂದು ಹಿಡಿದರೂ ನಿಮಗೆ 21 ಉಳಿಯುತ್ತದೆ. ಈಗ ನಿಮ್ಮ ಸಿಒಡಿ ಆರ್ಡರ್ ಒಂದರ ಸರಾಸರಿ ಉಳಿಕೆ ಎಷ್ಟು? 140ನ್ನು ನೂರಕ್ಕೆ ಹಂಚಿದರೆ ಒಂದೂವರೆಗೂ ಕಡಿಮೆ. ಹಾಗಾಗಿ ಮುಂಚೆಯೇ ಹಣ ಕೊಟ್ಟರೆ 5 ಕಡಿಮೆ ಎಂದು ಧಾರಾಳವಾಗಿ ಹೇಳಬಹುದು. ಪೂರ್ತಿ ಹಣ ಕೊಡಲು ಹಿಂಜರಿಯುವವರಿಂದ ಕೊರಿಯರ್ ವೆಚ್ಚದಷ್ಟನ್ನು, ಅಂದರೆ 10ನ್ನು ಮಾತ್ರ ಮುಂಗಡ ಪಡೆದು ಉಳಿದದ್ದನ್ನು ಬಾಗಿಲಲ್ಲಿ ಪಡೆಯಿರಿ. ಎಲ್ಲರ ಮೇಲೂ ಇದನ್ನು ಹೇರಬೇಡಿ. ಮೊದಲು ಒಮ್ಮೆ ಬೇಡ ಎಂದು ವಾಪಸ್ ಕಳಿಸಿದವರಿಗೆ, ಒಂದೇ ಸಲ ಆರೇಳು ಚೀಲ ಆರ್ಡರ್ ಮಾಡಿದ ಹೊಸಬರಿಗೆ ಇದನ್ನು ಕೇಳಿ. ಸರಿ ಎಂದು ಕೊಟ್ಟವರು ಬಹುತೇಕ ತೆಗೆದುಕೊಳ್ಳುವವರೇ.

ಪಿನ್ ಕೋಡ್ ನೋಡಿ ಸಿಒಡಿ ಮುಚ್ಚುವ ವಿಷಯದಲ್ಲಿ ನಿಧಾನಿಸಿ. ಮೂರು ಪಾರ್ಸೆಲ್ಲಿನಲ್ಲಿ ಎರಡು ವಾಪಸ್ ಬಂತೆಂದು ಒಂದು ಊರನ್ನೇ ಪಟ್ಟಿಯಿಂದ ತೆಗೆದುಹಾಕಿದವರನ್ನು ಕಂಡಿದ್ದೇನೆ. ಮೂರರಿಂದ ಏನೂ ತಿಳಿಯುವುದಿಲ್ಲ. ಒಂದು ಕಡೆಗೆ ಇಪ್ಪತ್ತು ಮೂವತ್ತಾದರೂ ಹೋಗಿರಬೇಕು, ಅದಾದ ಮೇಲೂ ಮೊದಲು ಅಲ್ಲಿನ ಕೊರಿಯರ್ ಬದಲಿಸಿ ನೋಡಬೇಕು. ತಪ್ಪು ಡಿಪೋದ್ದಾಗಿದ್ದರೆ ಆ ಊರಿನವರಿಗೆ ಶಿಕ್ಷೆ ಯಾಕೆ?

ಸುಧಾರಿಸಿದೆಯೇ ಎಂದು ನೋಡುವಾಗ ಒಂದು ಕಡೆ ಬಹಳ ಜನ ಎಡವುತ್ತಾರೆ. ಈ ವಾರ ವಾಪಸ್ ಬಂದವನ್ನು ಈ ವಾರ ಕಳಿಸಿದವುಗಳಿಂದ ಭಾಗಿಸುತ್ತಾರೆ. ಈ ವಾರ ಮನೆಗೆ ಬಂದವು ಎರಡು ಮೂರು ವಾರದ ಹಿಂದೆ ಹೋದವು. ಆರ್ಡರ್ ಏರುತ್ತಿದ್ದರೆ ವಾಪಸಾತಿ ಕಡಿಮೆಯಾದಂತೆ ಕಾಣುತ್ತದೆ, ಆರ್ಡರ್ ಇಳಿದ ವಾರ ಏಕಾಏಕಿ ಹೆಚ್ಚಾದಂತೆ ಕಾಣುತ್ತದೆ. ಎರಡೂ ಸುಳ್ಳು. ಒಂದು ವಾರ ಕಳಿಸಿದ ಪಾರ್ಸೆಲ್‌ಗಳನ್ನು ಒಂದು ಕಟ್ಟು ಎಂದು ಹಿಡಿದು, ಆ ಕಟ್ಟಿನ ಪ್ರತಿಯೊಂದೂ ಒಂದೋ ತಲುಪಿ ಅಥವಾ ವಾಪಸ್ ಬಂದು ಮುಗಿಯುವ ತನಕ ಕಾದು, ಆಮೇಲೆ ಎಣಿಸಿ. ದೃಢೀಕರಣದ ಮೆಸೇಜನ್ನು ಈ ವಾರದಿಂದ ಶುರು ಮಾಡಿದರೆ, ಅದರ ಫಲ ತಿಳಿಯಲು ಮುಂದಿನ ತಿಂಗಳ ತನಕ ಕಾಯಬೇಕಾಗುತ್ತದೆ. ಅಲ್ಲಿಯವರೆಗೆ ಪ್ರತಿ ಸಂಜೆಯ ಆ ಅರ್ಧ ಗಂಟೆ ತಪ್ಪಿಸಬೇಡಿ, ಮತ್ತು ವಾಪಸ್ ಬಂದ ಪ್ರತಿ ಪಾರ್ಸೆಲ್ಲನ್ನೂ ತೆರೆಯುವಾಗ ವಿಡಿಯೊ ಮಾಡಿ. ಒಳಗೆ ಚೀಲ ಹಾಳಾಗಿದ್ದರೆ ಅಥವಾ ಬೇರೇನೋ ಇದ್ದರೆ ಕೊರಿಯರ್‌ನವರು ಕೇಳುವ ಮೊದಲ ಸಾಕ್ಷಿ ಅದೇ, ಅದನ್ನು ಕೊಡಲು ಇರುವ ದಿನಗಳೂ ಕಡಿಮೆ.